ಫ್ರೀ ಸೈಜ್ ಎಂಬ ಸುಳ್ಳು

ಬೆಳಗಿನ ಏಳು ಗಂಟೆಗೆ ಟೆಂಪೋದಿಂದ ಒಂದು ಗೋಣಿಚೀಲ ಇಳಿಯುತ್ತದೆ. ಮುಕಾದಮ ಅದನ್ನು ಬುಡಮೇಲು ಮಾಡಿ ಸುರಿದರೆ ಕಿತ್ತಳೆ ಬಣ್ಣದ ರಿಫ್ಲೆಕ್ಟರ್ ಜಾಕೆಟ್ಟುಗಳ ಗುಡ್ಡೆ. ಸಾಲಾಗಿ ಬಂದವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುತ್ತಾರೆ. ಯಾದಗಿರಿ ಕಡೆಯಿಂದ ಬಂದ, ಐದಡಿಯೂ ಇಲ್ಲದ ಹೆಂಗಸು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಅದರ ಮೇಲೆ ಜಾಕೆಟ್ಟು ಹಾಕಿಕೊಂಡು ನೋಡುತ್ತಾಳೆ. ಅದು ತೊಡೆಯ ತನಕ ಇಳಿದಿದೆ, ಎರಡೂ ಹೆಗಲಿಂದ ಜಾರುತ್ತಿದೆ.

‘ಭಾಳ ದೊಡ್ಡದಾತಲ್ರೀ ಇದು.’

‘ಎಲ್ಲಾರಿಗೂ ಒಂದ ಸೈಜ್ ಬೇ ಯವ್ವಾ. ಸಣ್ಣದಂತೂ ಆಗಿಲ್ಲಲ್ಲ, ಹಾಕ್ಕೋ.’

ಅವಳು ಹಾಕಿಕೊಳ್ಳುತ್ತಾಳೆ. ಕೆಳಗಿನ ಅಂಚನ್ನು ಒಟ್ಟುಮಾಡಿ ಸೊಂಟಕ್ಕೆ ಸಿಕ್ಕಿಸುತ್ತಾಳೆ, ಇಲ್ಲವೇ ಮುಂದೆ ಗಂಟು ಹಾಕುತ್ತಾಳೆ. ಹಾಗೆ ಮಾಡದಿದ್ದರೆ ಘಮೇಲಾ ಎತ್ತುವಾಗ ಜಾಕೆಟ್ಟಿನ ತುದಿ ಕಾಲಿಗೆ ತೊಡರುತ್ತದೆ. ಮೇಲ್ವಿಚಾರಕನ ಹಾಜರಿ ಪುಸ್ತಕದಲ್ಲಿ ಜಾಕೆಟ್ಟಿನ ಕಾಲಮ್ಮಿಗೆ ಟಿಕ್ ಬೀಳುತ್ತದೆ. ಸುರಕ್ಷತೆಯ ಕೆಲಸ ಆ ದಿನಕ್ಕೆ ಅಲ್ಲಿಗೆ ಮುಗಿಯಿತು.

ಠಾಣೆ, ಮುಂಬ್ರಾ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಎಂಬ ಈ ಪಟ್ಟಿಯ ಉದ್ದಕ್ಕೂ ಇಂಥ ಗೋಣಿಚೀಲಗಳು ಇಳಿಯುತ್ತವೆ. ಮುಂಬ್ರಾದ ಭೂಗೋಳವೇ ಬಲು ಇಕ್ಕಟ್ಟಿನದು. ಒಂದು ಕಡೆ ಪಾರ್ಸಿಕ್ ಗುಡ್ಡ, ಇನ್ನೊಂದು ಕಡೆ ಖಾಡಿ, ನಡುವಿನ ಕಿರಿದಾದ ಜಾಗದಲ್ಲಿ ಹಳಿ, ರಸ್ತೆ, ಊರು ಎಲ್ಲವೂ. 1854ರಲ್ಲಿ ಠಾಣೆಯಿಂದ ಕಲ್ಯಾಣಕ್ಕೆ ರೈಲು ಬಂದಾಗಲೇ ಇಲ್ಲಿ ಗುಡ್ಡ ಕೊರೆದಿದ್ದರು. 1916ರಲ್ಲಿ ಸುಮಾರು 1.3 ಕಿಲೋಮೀಟರ್ ಉದ್ದದ ಪಾರ್ಸಿಕ್ ಸುರಂಗ ತೆರೆಯಿತು. 2022ರ ಫೆಬ್ರವರಿಯಲ್ಲಿ ಠಾಣೆ–ದಿವಾ ನಡುವೆ ಐದನೆಯ, ಆರನೆಯ ಹಳಿಗಳು ಓಡತೊಡಗಿದವು. ಗುಡ್ಡದ ಪಕ್ಕದಲ್ಲಿ ಮುಂಬ್ರಾ ಬೈಪಾಸ್, ಅದರ ತುಂಬ ಬಂದರಿನ ಕಂಟೇನರ್ ಲಾರಿಗಳು. ಆಚೆ ಶೀಳ್‌ಫಾಟಾದಲ್ಲಿ ಬುಲೆಟ್ ಟ್ರೇನಿನ ಸುರಂಗದ ಬಾಯಿ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಎದುರುಬದುರು ಹಾದ ಎರಡು ಲೋಕಲ್ಲುಗಳ ಬಾಗಿಲಿಂದ ಪ್ರಯಾಣಿಕರು ಬಿದ್ದು ಸತ್ತ ಮೇಲೆ ಆ ತಿರುವಿನ ಬಗ್ಗೆ, ರೈಲಿನ ಬಾಗಿಲಿನ ಬಗ್ಗೆ ಸಾಕಷ್ಟು ಮಾತಾಯಿತು. ಆಗಬೇಕಾದ ಮಾತೇ ಅದು. ಆದರೆ ಇಂಥ ತಿರುವುಗಳಲ್ಲಿ ನೆಲದ ಮೇಲೆ ಬಗ್ಗಿ ನಿಂತು, ಬರುವ ವಾಹನಕ್ಕೆ ಬೆನ್ನು ಮಾಡಿ ದಿನಪೂರ್ತಿ ಕೆಲಸ ಮಾಡುವವರ ಮೈಮೇಲಿನ ಬಟ್ಟೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಟೆಂಡರಿನಲ್ಲಿ ಅದು ಒಂದು ಸಾಲು: ಸೇಫ್ಟಿ ಜಾಕೆಟ್, ಫ್ರೀ ಸೈಜ್, ಇಷ್ಟು ನಗ.

ಎಲ್ಲ ತಕರಾರೂ ಇರುವುದು ಆ ಫ್ರೀ ಸೈಜ್ ಎಂಬ ಎರಡು ಶಬ್ದಗಳ ಮೇಲೆ. ಅದು ಯಾವ ಅಳತೆಯೂ ಅಲ್ಲ. ಕೊಳ್ಳುವವನು ಯಾರ ಮೈಯನ್ನೂ ಅಳೆಯಲಿಲ್ಲ ಎಂಬುದನ್ನು ಮರ್ಯಾದೆಯಾಗಿ ಹೇಳುವ ರೀತಿ.

ಜಾಕೆಟ್ಟು ಏನು ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಅದರಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಕಿತ್ತಳೆ ಅಥವಾ ಹಳದಿ ಬಟ್ಟೆ ಹಗಲಿನ ಕೆಲಸಕ್ಕೆ. ಅದು ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಹೊರಬಿಡುತ್ತದೆ. ಆದ್ದರಿಂದಲೇ ಮೋಡ ಕವಿದಾಗ, ಮುಸ್ಸಂಜೆಯಲ್ಲಿ, ಬೇರೆ ಬಣ್ಣಗಳು ಮಂಕಾದಾಗ ಅದು ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಪಾರ್ಸಿಕ್ ಗುಡ್ಡ ಹಸಿರಾಗಿ ನಿಂತಾಗ ಅದರ ಮುಂದೆ ಹಳದಿ-ಹಸಿರಿನ ಜಾಕೆಟ್ಟು ಬೆರೆತುಹೋಗುತ್ತದೆ, ಕಿತ್ತಳೆ ಬೆರೆಯುವುದಿಲ್ಲ. ಹಳಿಯ ಕೆಲಸಕ್ಕೆ ಕಿತ್ತಳೆಯನ್ನು ಆರಿಸುವುದಕ್ಕೆ ಇದೂ ಒಂದು ಕಾರಣ. ರಾತ್ರಿಯಾದ ಮೇಲೆ ಈ ಬಟ್ಟೆಯಿಂದ ಏನೂ ಪ್ರಯೋಜನವಿಲ್ಲ. ಆಗ ಬೂದುಬಣ್ಣದ ಪಟ್ಟಿಯ ಸರದಿ. ಅದರೊಳಗಿನ ಸೂಕ್ಷ್ಮ ಗಾಜಿನ ಮಣಿಗಳು ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುತ್ತವೆ. ಲಾರಿಯ ಹೆಡ್‌ಲೈಟು ಹಾಯಿಸಿದ ಬೆಳಕು ಲಾರಿಯ ಚಾಲಕನ ಕಣ್ಣಿಗೇ ವಾಪಸು ಬರುತ್ತದೆ.

ಪಟ್ಟಿಯ ಕೆಲಸ ಹೊಳೆಯುವುದಷ್ಟೇ ಅಲ್ಲ. ರಾತ್ರಿಯ ರಸ್ತೆಯಲ್ಲಿ ಹೊಳೆಯುವ ವಸ್ತುಗಳಿಗೆ ಕೊರತೆಯಿಲ್ಲ: ಡ್ರಮ್ಮು, ಕಂಬ, ಕಬ್ಬಿಣದ ತಡೆ, ನಿಂತ ಲಾರಿಯ ಹಿಂಭಾಗ. ಪಟ್ಟಿ ಹೇಳಬೇಕಾದದ್ದು ‘ಇಲ್ಲೊಂದು ಮನುಷ್ಯ ಇದೆ’ ಎಂದು. ಅದಕ್ಕಾಗಿಯೇ ಎರಡು ಹೆಗಲ ಮೇಲಿಂದ ಎರಡು ಉದ್ದ ಪಟ್ಟಿ, ದೇಹದ ಸುತ್ತ ಎರಡು ಅಡ್ಡ ಪಟ್ಟಿ. ಇದು ಕತ್ತಲಲ್ಲಿ ಬರೆದ ಮನುಷ್ಯನ ರೇಖಾಚಿತ್ರ. ಮೊಣಕೈ, ಮಣಿಕಟ್ಟು, ಕಣಕಾಲುಗಳ ಹತ್ತಿರ ಪಟ್ಟಿಯಿದ್ದರೆ ಚಾಲಕ ಇನ್ನೂ ದೂರದಿಂದಲೇ ಗುರುತಿಸುತ್ತಾನೆ, ಏಕೆಂದರೆ ನಡೆಯುವ ಮನುಷ್ಯನ ಕೈಕಾಲುಗಳ ಲಯವನ್ನು ಕಣ್ಣು ಕೂಡಲೇ ಹಿಡಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬರುತ್ತದೆ. ‘ಅದೇನು?’ ಎಂದು ಅರ್ಧ ಸೆಕೆಂಡು ಅನುಮಾನಿಸಿದರೆ ಎಂಟು ಮೀಟರ್ ಹೋಯಿತು. ಜಾಕೆಟ್ಟು ಕೊಳ್ಳುವುದು ಆ ಎಂಟು ಮೀಟರಿಗಾಗಿ.

ಈಗ ಆ ಹೆಂಗಸಿನ ಜಾಕೆಟ್ಟಿಗೆ ಬರೋಣ. ಐಎಸ್ಓ 20471 ಎಂಬ ಅಂತರರಾಷ್ಟ್ರೀಯ ಮಾನದಂಡ ಇಂಥ ಬಟ್ಟೆಯನ್ನು ಮೂರು ವರ್ಗ ಮಾಡುತ್ತದೆ. ಭಾರತದಲ್ಲಿ ಇದೇ ವಿಷಯಕ್ಕೆ ಐಎಸ್ 15809 ಇದೆ. ಅಂತರರಾಷ್ಟ್ರೀಯ ಮಾನದಂಡದ ಎರಡನೆಯ ವರ್ಗದ ಜಾಕೆಟ್ಟಿನಲ್ಲಿ ಹೊಳೆಯುವ ಪಟ್ಟಿ ಕನಿಷ್ಠ 0.13 ಚದರ ಮೀಟರ್, ಅಂದರೆ 1,300 ಚದರ ಸೆಂಟಿಮೀಟರ್ ಇರಬೇಕು. ಪಟ್ಟಿಯ ಅಗಲ 5 ಸೆಂ.ಮೀ.ಗೆ ಕಡಿಮೆಯಾಗಬಾರದು. ಗುಡ್ಡೆಯಿಂದ ಎತ್ತಿದ ಜಾಕೆಟ್ಟಿನ ಸುತ್ತಳತೆ 120 ಸೆಂ.ಮೀ. ಎಂದು ಇಟ್ಟುಕೊಳ್ಳಿ. ಎರಡು ಅಡ್ಡ ಪಟ್ಟಿ ಸೇರಿ 120 × 5 × 2, ಅಂದರೆ 1,200 ಚದರ ಸೆಂ.ಮೀ. ಹೆಗಲಿನ ಎರಡು ಪಟ್ಟಿಗಳು ಮುಂದೆ ಹಿಂದೆ ಸೇರಿ ತಲಾ 50 ಸೆಂ.ಮೀ. ಉದ್ದವಾದರೆ ಇನ್ನೊಂದು 500. ಒಟ್ಟು 1,700. ಕಾಗದದ ಮೇಲೆ ಜಾಕೆಟ್ಟು ಧಾರಾಳವಾಗಿ ಪಾಸು.

ಅವಳು ಕೆಳಗಿನ ಅಂಚನ್ನು ಸೊಂಟಕ್ಕೆ ಸಿಕ್ಕಿಸಿದ ಕ್ಷಣ ಕೆಳಗಿನ ಪಟ್ಟಿಯ 600 ಚದರ ಸೆಂ.ಮೀ. ಮಾಯ. ಉಳಿದದ್ದು 1,100. ಈಗ ಅದು ನಪಾಸು. ಹೆಗಲಿಂದ ಜಾರಿದ ಪಟ್ಟಿ ತೋಳಿನ ಪಕ್ಕಕ್ಕೆ ಬಿದ್ದು ಮಡಚಿಕೊಂಡರೆ ಇನ್ನಷ್ಟು ಹೋಯಿತು. ಬಟ್ಟೆ ಕಳಪೆಯಲ್ಲ, ಪಟ್ಟಿ ಹರಿದಿಲ್ಲ, ಅವಳು ತೊಡದೆಯೂ ಇಲ್ಲ. ಅಳತೆ ಮಾತ್ರ ತಪ್ಪು. ಅದರಿಂದಲೇ ಪ್ರಮಾಣಪತ್ರವಿರುವ ಜಾಕೆಟ್ಟು ಪ್ರಮಾಣಪತ್ರವಿಲ್ಲದ್ದಾಯಿತು. ಮಾನದಂಡ ಬರೆದವರಿಗೆ ಈ ವಿಷಯ ಗೊತ್ತಿತ್ತು. ಆದ್ದರಿಂದಲೇ ಅವರು ಪಟ್ಟಿಯ ವಿಸ್ತೀರ್ಣವನ್ನು ತಯಾರಕನ ಅತಿ ಚಿಕ್ಕ ಸೈಜಿನ ಮೇಲೆ ಅಳೆಯಬೇಕೆಂದು ಹೇಳಿದರು. ಚಿಕ್ಕ ಮೈಯವರಿಗೂ ಪೂರ್ತಿ ರಕ್ಷಣೆ ಸಿಗಲಿ ಎಂಬುದು ಅದರ ಅರ್ಥ. ಚಿಕ್ಕ ಸೈಜನ್ನೇ ತರಿಸದಿದ್ದರೆ ಆ ಎಚ್ಚರಿಕೆಯೆಲ್ಲ ಕಸದ ಬುಟ್ಟಿಗೆ.

ತೀರ ದೊಡ್ಡದರ ತೊಂದರೆ ಇಷ್ಟಾದರೆ, ಜೂನ್ ಬಂದ ಮೇಲೆ ತೀರ ಚಿಕ್ಕದರ ತೊಂದರೆ ಶುರುವಾಗುತ್ತದೆ. ಯುರೋಪಿನ ಅಂಗಡಿಗಳ ಪುಸ್ತಕಗಳಲ್ಲಿ ಒಳಗೆ ಇನ್ನೊಂದು ಪದರಕ್ಕೆ ಜಾಗ ಬಿಡಿ ಎಂದು ಬರೆದಿದ್ದರೆ ಅವರ ಮನಸ್ಸಿನಲ್ಲಿರುವುದು ಉಣ್ಣೆಯ ಸ್ವೆಟರು. ಮುಂಬ್ರಾದಲ್ಲಿ ಒಳಪದರ ಎಂದರೆ ಸೆರಗು, ಅದರ ಮೇಲಿನ ಗಂಡಸರ ಅಂಗಿ, ಮಳೆಗಾಲಕ್ಕೆ ಅದರ ಮೇಲೆ ದಪ್ಪ ರೇನ್‌ಕೋಟು. ಎತ್ತರದ ಕೆಲಸವಾದರೆ ಇದರ ಜೊತೆ ಸುರಕ್ಷಾ ಬೆಲ್ಟು. ಫೆಬ್ರವರಿಯಲ್ಲಿ ಕೊಂಡ ಜಾಕೆಟ್ಟು ಜುಲೈಯಲ್ಲಿ ರೇನ್‌ಕೋಟಿನ ಮೇಲೆ ಏರುವುದಿಲ್ಲ. ಆಗ ಎರಡೇ ದಾರಿ. ಜಾಕೆಟ್ಟನ್ನು ಒಳಗೆ ಹಾಕಿ ರೇನ್‌ಕೋಟನ್ನು ಮೇಲೆ ಹಾಕುವುದು, ಆಗ ಕಪ್ಪು ಅಥವಾ ಕಡುನೀಲಿ ರೇನ್‌ಕೋಟಿನ ಮನುಷ್ಯ ಮಳೆಯ ಕತ್ತಲಲ್ಲಿ ಕಾಣದೇ ಹೋಗುತ್ತಾನೆ. ಇಲ್ಲವೇ ಜಾಕೆಟ್ಟನ್ನು ಮುಂದೆ ಮುಚ್ಚದೆ ಬಿಟ್ಟುಕೊಳ್ಳುವುದು. ಪಟ್ಟಿ ದೇಹದ ಸುತ್ತ ಮುಂದುವರಿಯಬೇಕು, ಮುಚ್ಚುವ ಜಾಗದಲ್ಲಿ 5 ಸೆಂ.ಮೀ.ಗಿಂತ ಹೆಚ್ಚಿನ ಅಂತರ ಬೀಳಬಾರದು ಎಂಬುದು ನಿಯಮ. ತೆರೆದ ಜಾಕೆಟ್ಟಿನಲ್ಲಿ ಎದೆಯ ಮುಂದೆ ಒಂದು ಗೇಣು ಅಂತರ ಬೀಳುತ್ತದೆ. ಸಾಲದ್ದಕ್ಕೆ ಎರಡೂ ಪಲ್ಲೆಗಳು ಗಾಳಿಗೆ ಹಾರುತ್ತವೆ. ವೇಗದ ಲೋಕಲ್ಲು ಪಕ್ಕದಲ್ಲೇ ಹಾದುಹೋದಾಗ ಆ ಗಾಳಿ ಎಂಥದೆಂದು ಹಳಿಯ ಮೇಲೆ ಕೆಲಸ ಮಾಡಿದವರನ್ನೇ ಕೇಳಬೇಕು.

ಹಾಗಾದರೆ ಅಳೆಯುವುದು ಹೇಗೆ? ಬೇಕಾದದ್ದು ದರ್ಜಿಯ ಒಂದು ಟೇಪು, ಒಂದು ಗೋಡೆ, ತಲಾ ಒಂದು ನಿಮಿಷ. ಎದೆಯನ್ನು ಕಂಕುಳ ಕೆಳಗಿನಿಂದ, ಅತಿ ಅಗಲವಾದ ಜಾಗದಲ್ಲಿ, ಬೆನ್ನ ಹಿಂದೆ ಟೇಪು ಜಾರದಂತೆ ನೋಡಿಕೊಂಡು ಅಳೆಯಬೇಕು. ಉಸಿರು ಬಿಗಿಹಿಡಿಯಬಾರದು. ಎತ್ತರವನ್ನು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು. ಹೆಂಗಸರ ಅಳತೆಯನ್ನು ಹೆಂಗಸೇ ತೆಗೆಯಬೇಕು. ಅವರ ಅಳತೆ ಸಿಗುವುದಿಲ್ಲ ಎಂದು ಗೊಣಗುವ ಮೇಲ್ವಿಚಾರಕರಿಗೆ ಈ ಸಣ್ಣ ವಿಷಯ ಹೊಳೆದಿರುವುದಿಲ್ಲ. ರಕ್ಷಣಾ ಉಡುಪುಗಳ ಸಾಮಾನ್ಯ ಮಾನದಂಡ ಐಎಸ್ಓ 13688ರ ಪ್ರಕಾರ ಲೇಬಲ್ಲಿನ ಮೇಲೆ ಒಂದು ಪುಟ್ಟ ಮನುಷ್ಯನ ಚಿತ್ರವಿದ್ದು, ಎತ್ತರಕ್ಕೆ ಒಂದು, ಎದೆಗೋ ಸೊಂಟಕ್ಕೋ ಒಂದು, ಹೀಗೆ ಸೆಂಟಿಮೀಟರಿನಲ್ಲಿ ಅಳತೆ ಬರೆದಿರಬೇಕು. ಎಸ್, ಎಂ, ಎಲ್ ಅಕ್ಷರಗಳನ್ನು ಓದಲು ಬಾರದವರಿಗೂ ಆ ಚಿತ್ರ ಅರ್ಥವಾಗುತ್ತದೆ. ಅದನ್ನೇ ಕೇಳಿ ಕೊಳ್ಳಬೇಕು.

ಇಲ್ಲಿ ಬಲ್ಲವರೂ ಎಡವುವ ಒಂದು ಜಾಗವಿದೆ. ಆ ಲೇಬಲ್ಲಿನ ಅಂಕಿ ಮೈಯ ಅಳತೆ, ಬಟ್ಟೆಯದಲ್ಲ. 92–100 ಎಂದು ಬರೆದ ಜಾಕೆಟ್ಟನ್ನು ನೆಲದ ಮೇಲೆ ಹಾಸಿ ಅಳೆದರೆ 115 ಇರಬಹುದು. ಆ ಹೆಚ್ಚುವರಿ ಜಾಗವನ್ನು ತಯಾರಕ ಮೊದಲೇ ಬಿಟ್ಟಿರುತ್ತಾನೆ. ಇದು ಗೊತ್ತಿಲ್ಲದೆ ರೇನ್‌ಕೋಟಿನ ಮೇಲೆ ಅಳೆದು, ಆ ಅಂಕಿಯನ್ನು ಲೇಬಲ್ಲಿನಲ್ಲಿ ಹುಡುಕಿದರೆ ಒಂದೇ ಪದರಕ್ಕೆ ಎರಡು ಸಲ ಜಾಗ ಬಿಟ್ಟಂತಾಗಿ ಮತ್ತೆ ಗೋಣಿಚೀಲವೇ ಗತಿ. ಎರಡರಲ್ಲಿ ಒಂದನ್ನು ಮಾಡಬೇಕು. ಮೈಯ ಅಳತೆ ತೆಗೆದು ಲೇಬಲ್ಲಿನ ಅಂಕಿಗೆ ಹೊಂದಿಸಬೇಕು. ಇಲ್ಲವೇ ಪೂರ್ತಿ ಉಡುಪಿನ ಮೇಲೆ ಅಳೆದು, ಬಟ್ಟೆಯ ನಿಜವಾದ ಸುತ್ತಳತೆಗೆ ಹೊಂದಿಸಬೇಕು.

ಅದೇ ಹೆಂಗಸನ್ನು ಉದಾಹರಣೆಯಾಗಿ ತೆಗೆದುಕೊಂಡು ಎರಡನೆಯ ಲೆಕ್ಕ ಮಾಡಬಹುದು. ಎತ್ತರ 150 ಸೆಂ.ಮೀ. ರವಿಕೆಯ ಮೇಲೆ ಎದೆ 86. ಸೆರಗು, ಅಂಗಿ ಸೇರಿದರೆ 94. ರೇನ್‌ಕೋಟು ಸೇರಿದರೆ 105. ಕೈ ಎತ್ತಿ ಘಮೇಲಾ ಹಿಡಿಯಲು ಇನ್ನೊಂದು 8 ಸೆಂ.ಮೀ. ಬೇಕು. ಅಂದರೆ ಮಳೆಗಾಲಕ್ಕೆ 113 ಸುತ್ತಳತೆಯ ಜಾಕೆಟ್ಟು, ಬೇಸಿಗೆಗೆ 102. ಎರಡಕ್ಕೂ ನಡುವೆ 11 ಸೆಂ.ಮೀ. ಅಂತರ. ಪಕ್ಕಗಳಲ್ಲಿ ವೆಲ್ಕ್ರೋ ಇರುವ ಜಾಕೆಟ್ಟು ಒಂದೊಂದು ಬದಿಯಲ್ಲಿ ಐದಾರು ಸೆಂ.ಮೀ. ಒಳಸರಿದು ಈ ಅಂತರವನ್ನು ತುಂಬುತ್ತದೆ. ಅದೇ ವೆಲ್ಕ್ರೋ, ಜಾಕೆಟ್ಟು ಎಲ್ಲಾದರೂ ಸಿಕ್ಕಿಕೊಂಡು ಎಳೆದಾಗ ಬಿಚ್ಚಿಕೊಂಡು ಮನುಷ್ಯನನ್ನು ಬಿಟ್ಟುಕೊಡುತ್ತದೆ. ಚಲಿಸುವ ಗಾಡಿಯ ಪಕ್ಕದಲ್ಲಿ ಇದು ಚಿಕ್ಕ ಮಾತಲ್ಲ. ಉದ್ದ ಮಾತ್ರ ವೆಲ್ಕ್ರೋದಿಂದ ಸರಿಹೋಗುವುದಿಲ್ಲ. 150 ಸೆಂ.ಮೀ. ಎತ್ತರದವಳಿಗೆ 55 ಸೆಂ.ಮೀ. ಆಸುಪಾಸಿನ ಉದ್ದ ಸಾಕು. 70ರದನ್ನು ಕೊಟ್ಟರೆ ಅವಳು ಸಿಕ್ಕಿಸಿಯೇ ಸಿಕ್ಕಿಸುತ್ತಾಳೆ. ಎದೆಯ ಜೊತೆಗೆ ಎತ್ತರವನ್ನೂ ಕೇಳಬೇಕಾದದ್ದು ಇದಕ್ಕಾಗಿ.

ಎತ್ತರವನ್ನು ಕೇಳದೇ ಇದ್ದರೆ ಆಗುವ ಅನಾಹುತ ಇನ್ನೂ ಸ್ಪಷ್ಟವಾಗಿ ಕಾಣುವುದು ಬಾಯ್ಲರ್ ಸೂಟಿನಲ್ಲಿ. ಮುಂಬಯಿಯಲ್ಲಿ ಕೆಲವರು ಅದನ್ನು ಡಂಗರಿ ಎನ್ನುತ್ತಾರೆ. ಆ ಹೆಸರು ಮುಂಬಯಿಯದೇ ಡೋಂಗ್ರಿಯ ಒರಟು ಬಟ್ಟೆಯಿಂದ ಬಂದದ್ದು ಎಂದು ನಿಘಂಟುಗಳು ಹೇಳುತ್ತವೆ. ಇಡೀ ಜಗತ್ತಿಗೆ ಕೂಲಿಯ ಬಟ್ಟೆಯ ಹೆಸರನ್ನು ಕೊಟ್ಟ ಊರು, ತನ್ನ ಕೂಲಿಗಳಿಗೆ ಅಳತೆಯ ಬಟ್ಟೆ ಕೊಡಲು ಗೊಣಗುತ್ತದೆ. ಅಂಗಿ ಪ್ಯಾಂಟು ಬೇರೆಬೇರೆಯಾಗಿದ್ದರೆ ನಡುವೆ ಜಾರಲು ಜಾಗವಿರುತ್ತದೆ. ಬಾಯ್ಲರ್ ಸೂಟಿನಲ್ಲಿ ಹೆಗಲಿಂದ ತೊಡೆಸಂದಿಯ ತನಕ ಒಂದೇ ಬಟ್ಟೆ. ಮನುಷ್ಯ ಬಗ್ಗಿದಾಗ, ಕುಕ್ಕರುಗಾಲಲ್ಲಿ ಕೂತಾಗ ಬೆನ್ನಿನ ಉದ್ದ ಹೆಚ್ಚುತ್ತದೆ, ಹತ್ತು ಸೆಂ.ಮೀ.ನಷ್ಟು ಸಡಿಲ ಬೇಕಾಗುತ್ತದೆ. ಆ ಸಡಿಲ ಇಲ್ಲದಿದ್ದರೆ ಬಟ್ಟೆ ತೊಡೆಸಂದಿಗೆ ಬಂದು ಕಡಿಯುತ್ತದೆ.

ಇಬ್ಬರು ಗಂಡಸರನ್ನು ನೋಡಿ. ಒಬ್ಬ 176 ಸೆಂ.ಮೀ. ಎತ್ತರದ ತೆಳ್ಳಗಿನವನು, ಎದೆ 88. ಇನ್ನೊಬ್ಬ 162 ಸೆಂ.ಮೀ.ನ ಗಟ್ಟಿಮುಟ್ಟು ಆಳು, ಎದೆ 104. ಎದೆಯನ್ನಷ್ಟೇ ನೋಡಿ ಕೊಟ್ಟರೆ ಮೊದಲನೆಯವನಿಗೆ ಎಂ ಬರುತ್ತದೆ. ಎಂ ಎಂದರೆ ಮಧ್ಯಮ ಎತ್ತರ ಎಂದು ಹೊಲಿದವನು ತಾನೇ ಊಹಿಸಿಕೊಂಡಿರುತ್ತಾನೆ. ಅವನು ಬಗ್ಗಿದ ಮೊದಲ ಸಲವೇ ಬಟ್ಟೆ ಕಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಜಿಪ್ಪು ಸೊಂಟದ ತನಕ ಇಳಿದು, ತೋಳುಗಳು ನಡುವಿಗೆ ಗಂಟಾಗಿರುತ್ತವೆ. ಎದೆ, ಬೆನ್ನು, ತೋಳಿನ ಪಟ್ಟಿಗಳೆಲ್ಲ ಸೊಂಟದ ಸುತ್ತ ಒಂದು ಉಂಡೆ. ಇದಕ್ಕೆ ಸೆಕೆಯೂ ಕಾರಣ ಎಂಬುದನ್ನು ಒಪ್ಪಬೇಕು. ಮೇ ತಿಂಗಳ ಖಾಡಿಯ ಬೆವರಿನಲ್ಲಿ ಪಾಲಿಯೆಸ್ಟರಿನ ಬಾಯ್ಲರ್ ಸೂಟು ಶಿಕ್ಷೆಯೇ. ಬಯಲಿನ ಹಗಲುಕೆಲಸಕ್ಕೆ ಅದನ್ನು ಕೊಡಲೇಬಾರದು, ಜಾಲರಿ ಬಟ್ಟೆಯ ಜಾಕೆಟ್ಟು ಸಾಕು. ಆದರೆ ಸುರಂಗ, ಗಟಾರ, ಡಿಪೋದಂಥ ಕಡೆ ಅದು ಬೇಕೇ ಬೇಕೆಂದಾದರೆ ಬೆನ್ನಿನ ಉದ್ದ ಸರಿಯಿರಬೇಕು.

ಎರಡನೆಯವನಿಗೆ ಎಕ್ಸ್‌ಎಲ್ ಬಂತು. ಎದೆ ಸರಿ. ಆದರೆ ಅದರ ಕಾಲು 180 ದಾಟಿದ ಮನುಷ್ಯನ ಕಾಲು. ಅವನು ತುದಿಯನ್ನು 12 ಸೆಂ.ಮೀ. ಮೇಲಕ್ಕೆ ಮಡಚುತ್ತಾನೆ. ಯಾರೂ ಇದನ್ನು ತಪ್ಪೆನ್ನುವುದಿಲ್ಲ, ಎಲ್ಲರೂ ಮಡಚುವುದೇ. ಈಗ ಆ ಮಡಿಕೆಯೊಳಗೆ ಏನು ಸೇರಿತು ಎಂದು ನೋಡಿ. ಕೆಳಗಿನ ಪಟ್ಟಿ ಅಂಚಿನಿಂದ ಕನಿಷ್ಠ 5 ಸೆಂ.ಮೀ. ಮೇಲಿರಬೇಕು ಎಂಬುದು ನಿಯಮ. ಸಾಮಾನ್ಯವಾಗಿ ಅಷ್ಟರಲ್ಲೇ ಹೊಲಿದಿರುತ್ತಾರೆ. ಅಂದರೆ ಅದು 5ರಿಂದ 10 ಸೆಂ.ಮೀ.ವರೆಗೆ. ನಂತರ 5 ಸೆಂ.ಮೀ. ಅಂತರ, ಆಮೇಲೆ 15ರಿಂದ 20ರವರೆಗೆ ಎರಡನೆಯ ಪಟ್ಟಿ. 12 ಸೆಂ.ಮೀ.ನಲ್ಲಿ ಮಡಚಿದರೆ ಮೊದಲ ಪಟ್ಟಿ ತಿರುಗಿ ಒಳಮುಖವಾಯಿತು. ಮೇಲೆ ಬಂದ ಮಡಿಕೆ 12ರಿಂದ 24ರವರೆಗಿನ ಭಾಗವನ್ನು ಮುಚ್ಚಿತು, ಎರಡನೆಯ ಪಟ್ಟಿ ಅದರಡಿ ಹೂತುಹೋಯಿತು. ಒಂದೇ ಮಡಿಕೆಗೆ ಎರಡೂ ಪಟ್ಟಿ ಹೋದವು. ತೋಳಿನಲ್ಲೂ ಇದೇ ಕಥೆ. ಕೈಕಾಲಿನ ಚಲನೆಯನ್ನು ತೋರಿಸಲೆಂದೇ ಹೆಚ್ಚು ದುಡ್ಡು ಕೊಟ್ಟು ಮೂರನೆಯ ವರ್ಗದ ಸೂಟು ಕೊಂಡರು. ಕೈಕಾಲಿನ ಪಟ್ಟಿಗಳೇ ಮೊದಲು ಮಾಯವಾದವು. ಉಪಾಯ ಅಂಥ ಕಷ್ಟದ್ದೇನಲ್ಲ: ಎದೆ 104ಕ್ಕೆ ಎರಡು ಎತ್ತರದ ಸೂಟು ತರಿಸುವುದು, ಒಂದು 165ರೊಳಗಿನವರಿಗೆ, ಇನ್ನೊಂದು ಅದಕ್ಕಿಂತ ಎತ್ತರದವರಿಗೆ.

ಹೆಂಗಸರಿಗೆ ಬಾಯ್ಲರ್ ಸೂಟು ಕೊಡುವ ಮಾತು ಬಂದರೆ ಅಳತೆಗೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ. ಮೂತ್ರಕ್ಕೆ ಹೋಗಬೇಕಾದರೆ ಅವಳು ಹೆಗಲಿಂದ ಪೂರ್ತಿ ಬಿಚ್ಚಬೇಕು. ಶೌಚಾಲಯವೇ ಇಲ್ಲದ ಸೈಟಿನಲ್ಲಿ ಎಲ್ಲಿ ಬಿಚ್ಚಬೇಕು? ಅವಳು ನೀರು ಕುಡಿಯುವುದನ್ನೇ ಬಿಡುತ್ತಾಳೆ. ಅಂಗಿ ಬೇರೆ, ಪ್ಯಾಂಟು ಬೇರೆ ಇರುವ ಜೋಡಿ ಅದೇ ವರ್ಗಕ್ಕೆ ಸಿಗುತ್ತದೆ. ಅದನ್ನೇ ತರಿಸಬೇಕು.

ಇಷ್ಟು ಹೇಳಿದರೆ ಗುತ್ತಿಗೆದಾರರ ಕಡೆಯಿಂದ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಮೊದಲನೆಯದು ದುಡ್ಡಿನದು. ಇದು ಲೆಕ್ಕದಲ್ಲಿ ನಿಲ್ಲುವುದಿಲ್ಲ. ಚಿಕ್ಕ ಜಾಕೆಟ್ಟಿಗೆ ಬಟ್ಟೆ ಕಡಿಮೆ, ಪಟ್ಟಿಯೂ ಕಡಿಮೆ ಹಿಡಿಯುತ್ತದೆ. ಎಲ್ಲರಿಗೂ ದೊಡ್ಡದನ್ನೇ ಕೊಡುವವನು ಬೇಡದ ಬಟ್ಟೆಗೆ ದುಡ್ಡು ಕೊಡುತ್ತಿದ್ದಾನೆ. ಅಳತೆಯ ಬಟ್ಟೆ ಸಿಗುವುದಿಲ್ಲ ಎಂಬ ಮಾತನ್ನಂತೂ ಈ ಸೀಮೆಯಲ್ಲಿ ಆಡಲೇಬಾರದು. ಕಲ್ಯಾಣ ದಾಟಿದರೆ ವಿಠ್ಠಲವಾಡಿ, ಅದರಾಚೆ ಉಲ್ಹಾಸನಗರ. ಜೀನ್ಸ್ ಪ್ಯಾಂಟುಗಳನ್ನು ಸೊಂಟದ ಇಂಚು ಇಂಚಿಗೂ ಬೇರೆ ಮಾಡಿ ರಾಶಿ ರಾಶಿ ಹೊಲಿದು ದೇಶಕ್ಕೆಲ್ಲ ಕಳಿಸುವ ಊರು ಅದು. ಷೋಕಿಯ ಪ್ಯಾಂಟಿಗೆ 28, 30, 32 ಎಂದು ಅಳತೆಯಿರುವಾಗ ಪ್ರಾಣ ಕಾಯುವ ಜಾಕೆಟ್ಟಿಗೆ ಮಾತ್ರ ಎಲ್ಲರಿಗೂ ಒಂದೇ ಎಂದರೆ, ಅಡಚಣೆ ಹೊಲಿಗೆಯಂತ್ರದಲ್ಲಿಲ್ಲ.

ಎರಡನೆಯ ಉತ್ತರ ಸ್ವಲ್ಪ ತೂಕದ್ದು. ನಾಕಾದಿಂದ ಬರುವ ಕೂಲಿಗಳು ಇವತ್ತು ಇದ್ದವರು ನಾಳೆ ಇರುವುದಿಲ್ಲ, ಯಾರ ಅಳತೆ ತೆಗೆಯುವುದು? ನಿಜ. ಠಾಣೆ, ಕಲ್ಯಾಣದ ಮಜೂರ್ ನಾಕಾಗಳಲ್ಲಿ ನಿಂತವರನ್ನು ದಿನಗೂಲಿಗೆ ಕರೆದೊಯ್ಯುವ ಸೈಟಿನಲ್ಲಿ ಹೆಸರಿಗೊಂದು ಜಾಕೆಟ್ಟು ಹೊಲಿಸಲಾಗದು. ಆದರೆ ಹೊಲಿಸಿ ಎಂದು ಯಾರೂ ಹೇಳುತ್ತಿಲ್ಲ. ದಿನಕ್ಕೆ ನಲವತ್ತು ಜನ ಬರುವ ಸೈಟು ಎಂದುಕೊಳ್ಳೋಣ. ಎದೆಗೆ ಮೂರು ಅಳತೆ, ಉದ್ದಕ್ಕೆ ಎರಡು. ಆರು ಬಗೆಯಾಯಿತು, ಅವುಗಳಲ್ಲಿ ನಡುವಿನ ಮೂರ್ನಾಲ್ಕೇ ಹೆಚ್ಚು ಖರ್ಚಾಗುವುದು. ಒಂದು ವಾರ ಬಂದವರನ್ನೆಲ್ಲ ಅಳೆದು ಬರೆದಿಟ್ಟರೆ ಯಾವುದು ಎಷ್ಟು ಬೇಕೆಂಬುದು ತಾನೇ ಕಾಣುತ್ತದೆ. ಜನ ಬದಲಾದರೂ ಗುಂಪಿನ ಅಳತೆ ಹೆಚ್ಚು ಬದಲಾಗುವುದಿಲ್ಲ. ನಲವತ್ತಕ್ಕೆ ಐವತ್ತು ಜಾಕೆಟ್ಟು ಇಟ್ಟುಕೊಂಡರೆ ಒಗೆಯುವುದಕ್ಕೂ ಬಿಡುವು ಸಿಗುತ್ತದೆ. ಮಣ್ಣು ಮೆತ್ತಿದ ಪಟ್ಟಿ ಹೊಳೆಯುವುದಿಲ್ಲವಾದ್ದರಿಂದ ಅದೂ ಬೇಕಾದದ್ದೇ. ಪ್ರತಿ ಅಳತೆಗೆ ಕೊರಳ ಒಳಗೆ ಒಂದೊಂದು ಬಣ್ಣದ ದಾರ ಹೊಲಿದು ಬೇರೆ ಬೇರೆ ಗೂಟಕ್ಕೆ ನೇತುಹಾಕಿದರೆ ಆಯಿತು. ‘ನೀಲಿ ದಾರದ್ದು ತಗೋ’ ಎನ್ನಲು ಮುಕಾದಮನಿಗೆ ಅಕ್ಷರವೂ ಬೇಕಿಲ್ಲ.

ಮೂರನೆಯ ಉತ್ತರವೇ ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು, ಎಲ್ಲಕ್ಕಿಂತ ಅನ್ಯಾಯದ್ದೂ ಅದೇ: ‘ಕೊಟ್ಟರೂ ಅವರೇ ಹಾಕುವುದಿಲ್ಲ.’ ಹಾಕದವರು ಹೇಗೆ ಹಾಕುತ್ತಿಲ್ಲ ಎಂದು ಒಂದು ದಿನ ನಿಂತು ನೋಡಿದರೆ ಸಾಕು. ಗಂಟು ಮುಂದಿದ್ದರೆ ಜಾಕೆಟ್ಟು ಅಗಲ. ಸೊಂಟಕ್ಕೆ ಸಿಕ್ಕಿಸಿದ್ದರೆ ಉದ್ದ. ಮುಂಭಾಗ ತೆರೆದಿದ್ದರೆ ಒಳಪದರಕ್ಕೆ ಜಾಗ ಸಾಲದು. ತೋಳು ನಡುವಿಗೆ ಕಟ್ಟಿದ್ದರೆ ಬೆನ್ನು ಗಿಡ್ಡ ಅಥವಾ ಬಟ್ಟೆ ಸೆಕೆ. ಅವರು ಬಾಯಿಬಿಟ್ಟು ಹೇಳದ ದೂರನ್ನು ಮೈಮೇಲೆ ಬರೆದುಕೊಂಡು ಓಡಾಡುತ್ತಿದ್ದಾರೆ. ಅದನ್ನು ಅಶಿಸ್ತು ಎಂದು ಓದಿ ದಂಡ ಹಾಕುವುದು ಮೇಲ್ವಿಚಾರಣೆಯ ಸೋಮಾರಿತನ.

ಅಳತೆಯ ಮಾತು ಶ್ರೀಮಂತ ದೇಶಗಳ ನಾಜೂಕು ಎಂದುಕೊಳ್ಳುವವರೂ ಇದ್ದಾರೆ. ಅಂಥವರು 1948ರ ಕಾರ್ಖಾನೆ ಕಾಯ್ದೆಯ 22ನೆಯ ಕಲಮನ್ನು ಓದಬೇಕು. ಓಡುತ್ತಿರುವ ಯಂತ್ರದ ಹತ್ತಿರ ಕೆಲಸ ಮಾಡುವವನು ಮೈಗೆ ಬಿಗಿಯಾಗಿ ಹೊಂದುವ ಬಟ್ಟೆ ತೊಟ್ಟಿರಬೇಕು, ಆ ಬಟ್ಟೆಯನ್ನು ಮಾಲೀಕನೇ ಒದಗಿಸಬೇಕು ಎಂದು ಅದರಲ್ಲಿತ್ತು. ಸಡಿಲ ಬಟ್ಟೆ ಬೆಲ್ಟಿಗೆ ಸಿಕ್ಕಿದರೆ ಏನಾಗುತ್ತದೆ ಎಂಬುದು ಗಿರಣಿಗಳ ಆ ಕಾಲಕ್ಕೆ ಚೆನ್ನಾಗಿ ಗೊತ್ತಿತ್ತು. ಸ್ವಾತಂತ್ರ್ಯ ಬಂದ ಮರುವರ್ಷವೇ ಕಾಯ್ದೆಯಲ್ಲಿ ಬರೆಯಲು ಸಾಧ್ಯವಾದ ವಿಷಯ ಇವತ್ತಿನ ಟೆಂಡರಿನಲ್ಲಿ ಬರೆಯಲು ಕಷ್ಟವೆಂದರೆ ನಂಬಲಾಗುವುದಿಲ್ಲ. ಇತ್ತೀಚೆಗೆ ಎನ್‌ಐಎಫ್‌ಟಿ ಸಂಸ್ಥೆ ಮುಂಬಯಿಯೂ ಸೇರಿ ಆರು ನಗರಗಳಲ್ಲಿ 25,000 ಜನರ ಮೈಯಳತೆ ತೆಗೆದು ಭಾರತೀಯ ಸೈಜುಗಳ ಪಟ್ಟಿ ಮಾಡುವ ಯೋಜನೆ ಕೈಗೊಂಡಿದೆ. ಒಳ್ಳೆಯದೇ. ಸಿದ್ಧ ಉಡುಪಿನ ಅಂಗಡಿಗಳಿಗೆ ಅದು ಬೇಕು. ಆದರೆ ಶೀಳ್‌ಫಾಟಾದ ಒಂದು ಸೈಟಿಗೆ ಅದಕ್ಕಾಗಿ ಕಾಯುವ ಕೆಲಸವಿಲ್ಲ. ಇಪ್ಪತ್ತು ರೂಪಾಯಿಯ ಟೇಪು ಸಾಕು.

ಟೆಂಡರಿನ ಆ ಸಾಲು ಬದಲಾಗಬೇಕು. ಫ್ರೀ ಸೈಜ್ ಎಂಬ ಮಾತನ್ನು ಹೊಡೆದುಹಾಕಿ, ಎದೆ ಇಷ್ಟು, ಎತ್ತರ ಇಷ್ಟು, ಪ್ರತಿಯೊಂದಕ್ಕೆ ಇಷ್ಟು ನಗ ಎಂದು ಬರೆಯಬೇಕು. ಮಳೆಗಾಲಕ್ಕೆ ರೇನ್‌ಕೋಟಿನ ಮೇಲೆ ಮುಚ್ಚಿಕೊಳ್ಳಬೇಕು ಎಂದು ಬರೆಯಬೇಕು. ಇಲ್ಲವೇ ರೇನ್‌ಕೋಟೇ ಕಿತ್ತಳೆಯದಾಗಿ ಪಟ್ಟಿ ಹೊತ್ತಿರಬೇಕು. ಸರಕು ಬಂದ ದಿನ ಗೋದಾಮಿನಲ್ಲಿ ಎಣಿಸಿ ಸಹಿ ಹಾಕುವ ಬದಲು, ಸೈಟಿನ ಅತಿ ಗಿಡ್ಡ ಹೆಂಗಸಿಗೂ ಅತಿ ದಪ್ಪ ಗಂಡಸಿಗೂ ಪೂರ್ತಿ ಉಡುಪಿನ ಮೇಲೆ ತೊಡಿಸಿ ನೋಡಬೇಕು. ಕುಕ್ಕರುಗಾಲಲ್ಲಿ ಕೂರಲಿ, ಬಗ್ಗಲಿ, ತಲೆಯ ಮೇಲೆ ಘಮೇಲಾ ಹಿಡಿಯಲಿ. ಆಮೇಲೆ ಕತ್ತಲಾದ ಮೇಲೆ ಮೂವತ್ತು ಹೆಜ್ಜೆ ದೂರದಿಂದ ಟಾರ್ಚು ಬಿಡಬೇಕು. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಪಟ್ಟಿ ಮಂಕಾಗಿ ಕಂಡು ಮೋಸವಾಗುತ್ತದೆ, ಬೆಳಕು ಬಂದ ದಾರಿಗೇ ಮರಳುವುದರಿಂದ ಟಾರ್ಚು ಕಣ್ಣಿನ ಪಕ್ಕದಲ್ಲೇ ಇರಬೇಕು. ಎರಡು ಅಡ್ಡಗೆರೆ, ಎರಡು ಉದ್ದಗೆರೆ ಮುಂದಿನಿಂದಲೂ ಹಿಂದಿನಿಂದಲೂ ಪೂರ್ತಿ ಕಾಣಬೇಕು. ಒಂದು ಗೆರೆ ಕಾಣದಿದ್ದರೂ ಗೋಣಿಚೀಲವನ್ನು ಅದೇ ಟೆಂಪೋದಲ್ಲಿ ವಾಪಸು ಕಳಿಸಬೇಕು.

ಈಗಾಗಲೇ ಕೊಂಡಿಟ್ಟ ರಾಶಿಯನ್ನೂ ಸರಿಪಡಿಸಬಹುದು. ಬೀದಿಬದಿಯ ದರ್ಜಿಯೊಬ್ಬನನ್ನು ಒಂದು ದಿನ ಸೈಟಿಗೆ ಕರೆಸಿದರೆ ಆಯಿತು. ಎರಡೂ ಬದಿಯ ಹೊಲಿಗೆ ಬಿಚ್ಚಿ ಒಳಗೆ ಸರಿಸುವಾಗ ಮುಂದಿನ ಪಟ್ಟಿಯ ತುದಿ ಹಿಂದಿನ ಪಟ್ಟಿಯ ತುದಿಗೆ ನೇರ ಕೂಡಬೇಕೆಂದು ಅವನಿಗೆ ಹೇಳಬೇಕು. ಉದ್ದ ಇಳಿಸುವಾಗ ಅಂಚನ್ನು ಸುಮ್ಮನೆ ಮಡಚಿ ಹೊಲಿಯಬಾರದು. ಕೆಳಗಿನ ಪಟ್ಟಿಯನ್ನು ಬಿಡಿಸಿ ಮೇಲಕ್ಕೆ ಹೊಲಿದು, ಅದರ ಕೆಳಗೆ 5 ಸೆಂ.ಮೀ. ಬಟ್ಟೆಯೂ, ಮೇಲಿನ ಪಟ್ಟಿಗೆ 5 ಸೆಂ.ಮೀ. ಅಂತರವೂ ಉಳಿಯುವಂತೆ ನೋಡಿ ಕತ್ತರಿಸಬೇಕು. ಪ್ರಮಾಣಪತ್ರ ಬರೆದುಕೊಟ್ಟ ಬಟ್ಟೆಗೆ ಹೀಗೆ ಕತ್ತರಿ ಹಾಕಿದರೆ ಆ ಪತ್ರ ಅದಕ್ಕೆ ಅನ್ವಯಿಸದು ಎಂದು ಕಾಯಿದೆ ಬಲ್ಲವರು ಹೇಳುತ್ತಾರೆ. ಸರಿಯಾದ ಮಾತು. ಹೊಸ ಸರಕು ಅಳತೆಗೆ ತಕ್ಕಂತೆ ಬರುವ ತನಕದ ತೇಪೆ ಇದು. ಆದರೆ ಸೊಂಟಕ್ಕೆ ಸಿಕ್ಕಿಸಿದ ಜಾಕೆಟ್ಟಿಗೂ ಆ ಪತ್ರ ಅನ್ವಯಿಸುತ್ತಿರಲಿಲ್ಲ. ಈ ಜಾಕೆಟ್ಟಿನಲ್ಲಿ ಕನಿಷ್ಠ ಎರಡೂ ಪಟ್ಟಿಗಳು ಲಾರಿಯವನಿಗೆ ಕಾಣುತ್ತವೆ.